ದುಪ್ಪಟ್ಟು ಬಂದ ಪೋಸ್ಟ್‌ಪೇಯ್ಡ್ ಬಿಲ್: ದುಡ್ಡು ಎಲ್ಲಿ ಸೋರಿತು ಅಂತ ಹುಡುಕುವುದು ಹೇಗೆ

ಡಿಸೆಂಬರ್ ಎರಡನೇ ವಾರ ಮೂಡಿಗೆರೆಯಿಂದ ಮಾವ ಬಂದರು. ಕಾಫಿ ಕೊಯ್ಲು ಶುರುವಾಗಿದ್ದ ಸಮಯ. ಈ ದಿನಗಳಲ್ಲಿ ಅವರು ತೋಟ ಬಿಟ್ಟು ಹಾಸನಕ್ಕೆ ಬರುವುದೇ ಅಪರೂಪ. ನನ್ನ ಮೊಬೈಲ್ ಅಂಗಡಿಯ ಸ್ಟೂಲ್ ಮೇಲೆ ಕೂತವರೇ ಜೇಬಿನಿಂದ ಪ್ರಿಂಟ್ ತೆಗೆಸಿದ್ದ ಬಿಲ್ ತೆಗೆದು ಕೌಂಟರ್ ಮೇಲೆ ಹಾಕಿದರು.

"ನೋಡೋ, ತಿಂಗಳು ತಿಂಗಳೂ 941 ರೂಪಾಯಿ ಕಟ್ತಿದ್ದೆ. ಈ ಸಲ 1973 ಬಂದಿದೆ. ದುಬೈಗೆ ಹೋದಾಗ ಪ್ಯಾಕ್ ಹಾಕಿಸಿಕೊಂಡೇ ಹೋಗಿದ್ದೆ. ಮತ್ತೆ ಯಾಕೆ ರೋಮಿಂಗ್ ಹಾಕಿದ್ದಾರೆ?"

ರೋಮಿಂಗ್ ಅಂತ ಅವರು ಆಗಲೇ ತೀರ್ಮಾನ ಮಾಡಿಬಿಟ್ಟಿದ್ದರು. ಅಂಗಡಿಗೆ ಬಿಲ್ ಹಿಡಿದು ಬರುವ ಮುಕ್ಕಾಲು ಪಾಲು ಜನ ಹೀಗೇ ಬರುತ್ತಾರೆ. ಮೊತ್ತ ನೋಡುತ್ತಾರೆ, ಇತ್ತೀಚೆಗೆ ನಡೆದ ದೊಡ್ಡ ಸಂಗತಿ ನೆನಪಾಗುತ್ತದೆ, ಎರಡನ್ನೂ ಗಂಟು ಹಾಕುತ್ತಾರೆ. ಮಾವನ ಬಿಲ್ಲಿನಲ್ಲಿ ರೋಮಿಂಗ್ ಇತ್ತು ನಿಜ. ಆದರೆ ಜಾಸ್ತಿ ಬಂದ ದುಡ್ಡಿನಲ್ಲಿ ಅದರ ಪಾಲು ಮೂರರಲ್ಲಿ ಒಂದಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಉಳಿದದ್ದು ಬೇರೆ ಎರಡು ಕಡೆ ಸೋರಿತ್ತು. ಮೂರು ಬಗೆಯ ಸೋರಿಕೆಯೂ ಒಂದೇ ಬಿಲ್ಲಿನಲ್ಲಿ ಸಿಕ್ಕಿದ್ದರಿಂದ, ಆ ಬಿಲ್ಲನ್ನೇ ಇಟ್ಟುಕೊಂಡು ಹುಡುಕುವ ದಾರಿ ಬರೆಯುತ್ತಿದ್ದೇನೆ.

ಮೊದಲು ತೆರಿಗೆ ಕಳೆಯಿರಿ

ಬಿಲ್ಲಿನ ಮೊದಲ ಪುಟದಲ್ಲಿ ಎಲ್ಲ ನಂಬರುಗಳ ಒಟ್ಟು ಲೆಕ್ಕ ಇರುತ್ತದೆ. ಮಾವನದು ಎರಡು ನಂಬರಿನ ಪ್ಲಾನ್. ಅವರದಕ್ಕೆ ತಿಂಗಳ ಬಾಡಿಗೆ 599, ಅತ್ತೆಯ ನಂಬರಿಗೆ 199. ಬಿಲ್ ಲೆಕ್ಕ ಪ್ರತಿ ತಿಂಗಳು 8ರಿಂದ ಮುಂದಿನ ತಿಂಗಳ 7ರವರೆಗೆ. ಆ ಪುಟದಲ್ಲಿ ಹೀಗಿತ್ತು:

ತಿಂಗಳ ಬಾಡಿಗೆ: 798.00
ಡೇಟಾ ಬಳಕೆ: 409.60
ಮೌಲ್ಯವರ್ಧಿತ ಸೇವೆಗಳು: 140.00
ಅಂತಾರಾಷ್ಟ್ರೀಯ ರೋಮಿಂಗ್: 325.00
ಕೇಂದ್ರ ಜಿಎಸ್‌ಟಿ 9%: 150.53
ರಾಜ್ಯ ಜಿಎಸ್‌ಟಿ 9%: 150.53
ಒಟ್ಟು: 1973.66

ಹಳೇ ಬಾಕಿ, ತಡವಾಗಿ ಕಟ್ಟಿದ ದಂಡ, ಮಧ್ಯದಲ್ಲಿ ಪ್ಲಾನ್ ಬದಲಿಸಿದ್ದರಿಂದ ಬಂದ ಅರ್ಧಂಬರ್ಧ ಬಾಡಿಗೆ, ಇವೆಲ್ಲ ಇದ್ದರೆ ಇದೇ ಪುಟದಲ್ಲಿ ಬೇರೆ ಸಾಲಾಗಿ ಕಾಣುತ್ತವೆ. ಮಾವನ ಬಿಲ್ಲಿನಲ್ಲಿ ಅಂಥದ್ದೇನೂ ಇರಲಿಲ್ಲ. ಪ್ಲಾನ್ ಮಧ್ಯದಲ್ಲಿ ಬದಲಿಸಿದವರು ಒಂದು ಮಾತು ನೆನಪಿಡಿ. ಆ ತಿಂಗಳು ಬಾಡಿಗೆಯನ್ನು ದಿನದ ಲೆಕ್ಕದಲ್ಲಿ ಹಾಕುವ ಹಾಗೆ ಡೇಟಾವನ್ನೂ ದಿನದ ಲೆಕ್ಕದಲ್ಲೇ ಕೊಡಬಹುದು. 30 ಜಿಬಿ ಇದೆ ಅಂದುಕೊಂಡು 15 ಜಿಬಿಯಲ್ಲೇ ಮಿತಿ ದಾಟಿರುತ್ತೀರಿ.

ಜನ ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ಮಾವನ ಮಾಮೂಲಿ ಬಿಲ್ 941.64. ಈ ಸಲದ್ದು 1973.66. ವ್ಯತ್ಯಾಸ 1032.02. ಈಗ ಒಳಗಿನ ಪುಟಗಳಲ್ಲಿ 1032 ರೂಪಾಯಿ ಹುಡುಕಿದರೆ ಯಾವ ಜನ್ಮಕ್ಕೂ ಸಿಗುವುದಿಲ್ಲ. ಒಳಗಿನ ಸಾಲುಗಳಲ್ಲಿ ತೆರಿಗೆ ಸೇರಿರುವುದಿಲ್ಲ. ಅದು ಕೊನೆಗೆ ಒಟ್ಟಿಗೆ ಬೀಳುತ್ತದೆ. ಹಾಗಾಗಿ ವ್ಯತ್ಯಾಸವನ್ನು 1.18ರಿಂದ ಭಾಗಿಸಿ:

```
1032.02 / 1.18 = 874.59
```

ಪೈಸೆಯನ್ನು ದುಂಡು ಮಾಡುವುದರಲ್ಲಿ ಒಂದು ಪೈಸೆ ಆಚೀಚೆ ಆಗಿದೆ. ನಿಜವಾದ ಲೆಕ್ಕ 874.60. ಅಂದರೆ ನಾವು ಒಳಗೆ ಹುಡುಕಬೇಕಾದದ್ದು 874.60. ಸಿಕ್ಕ ಸಾಲುಗಳನ್ನೆಲ್ಲ ಕೂಡಿದಾಗ ಅದು ಸರಿಯಾಗಿ ಬಂದರೆ ಹುಡುಕಾಟ ಮುಗಿದ ಹಾಗೆ. ಬರದಿದ್ದರೆ ಇನ್ನೂ ಏನೋ ಅಡಗಿದೆ.

ಇದಕ್ಕೆ ಮೊದಲ ಪುಟ ಸಾಲದು. ಪ್ರತಿ ಕರೆ, ಪ್ರತಿ ಡೇಟಾ ಸಾಲು, ದಿನಾಂಕ, ಸಮಯ ಇರುವ ವಿವರವಾದ ಬಿಲ್ ಬೇಕು. ಮಾವ ತಂದದ್ದು ಎರಡೇ ಪುಟ. ಕಂಪನಿಯ ಆ್ಯಪ್‌ನಿಂದ ಪೂರ್ತಿ ಬಿಲ್ ಇಳಿಸಿಕೊಂಡೆ. ಒಟ್ಟು 31 ಪುಟ. ಮಾವ ಗಾಬರಿಯಾದರು. ಆದರೆ 31 ಪುಟವನ್ನೂ ಓದಬೇಕಾಗಿಲ್ಲ. ಮೊತ್ತದ ಕಾಲಮ್ಮಿನಲ್ಲಿ 0.00 ಅಲ್ಲದ ಸಾಲುಗಳನ್ನು ಮಾತ್ರ ಪೆನ್ನಿನಲ್ಲಿ ಗುರುತು ಮಾಡುತ್ತಾ ಹೋದರೆ ಸಾಕು. ಹತ್ತು ನಿಮಿಷದ ಕೆಲಸ.

ಗುರುತು ಮಾಡಿದ ಮೇಲೆ ಆ ಸಾಲುಗಳು ಹರಡಿಕೊಂಡಿರುವ ರೀತಿ ನೋಡಿ. ಒಂದೇ ಮೊತ್ತ, ಒಂದೇ ಅಂತರದಲ್ಲಿ ಮತ್ತೆ ಮತ್ತೆ ಬಂದಿದ್ದರೆ ಅದು ಯಾವುದೋ ಸೇವೆಯ ಚಂದಾ. ಒಂದು ದಿನದವರೆಗೆ ಎಲ್ಲ ಸೊನ್ನೆ ಇದ್ದು, ಆಮೇಲೆ ಬಿಲ್ ಮುಗಿಯುವವರೆಗೂ ಬಿಡದೆ ದುಡ್ಡು ಬಿದ್ದಿದ್ದರೆ ಅದು ಡೇಟಾ ಮಿತಿ ದಾಟಿದ್ದು. ಒಂದೆರಡು ದಿನ ಮಾತ್ರ ದೊಡ್ಡ ದೊಡ್ಡ ಮೊತ್ತ, ಅದರಲ್ಲೂ ಒಳಬರುವ ಕರೆಗೂ ರೇಟು ಇದ್ದರೆ ಅದು ರೋಮಿಂಗ್. ಸಾಲಿನ ಹೆಸರು ಓದಿ ಅರ್ಥವಾಗದಿದ್ದರೂ ಈ ನಡೆ ನೋಡಿದರೆ ಸಾಮಾನ್ಯವಾಗಿ ತಿಳಿದುಬಿಡುತ್ತದೆ. ಎಷ್ಟೋ ಬಿಲ್ಲುಗಳಲ್ಲಿ ಆ ಹೆಸರುಗಳು ಅರ್ಥವಾಗುವ ಹಾಗೆ ಇರುವುದೂ ಇಲ್ಲ.

ವಾರಕ್ಕೊಮ್ಮೆ 35 ರೂಪಾಯಿ

ಮಾವನ ನಂಬರಿನಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಇದು. ನವೆಂಬರ್ 12, 19, 26 ಮತ್ತು ಡಿಸೆಂಬರ್ 3. ನಾಲ್ಕು ಸಲ 35 ರೂಪಾಯಿ. ಸರಿಯಾಗಿ ಏಳು ದಿನಕ್ಕೊಮ್ಮೆ. ನಾಲ್ಕು 35 ಅಂದರೆ 140. ಮೊದಲ ಪುಟದ ಮೌಲ್ಯವರ್ಧಿತ ಸೇವೆಗಳ, ಅಂದರೆ ಕರೆ, ಡೇಟಾ ಬಿಟ್ಟು ಗೇಮ್, ಕಾಲರ್ ಟ್ಯೂನ್‌ನಂಥ ಹೆಚ್ಚುವರಿ ಸೇವೆಗಳ, ಲೆಕ್ಕಕ್ಕೆ ಹೊಂದಿತು.

ಸಾಲಿನ ಹೆಸರಿನಲ್ಲಿ ಗೇಮ್ ಅಂತ ಇತ್ತು. "ನಾನೆಲ್ಲಿ ಗೇಮ್ ಆಡ್ತೀನೋ, ಕಣದಲ್ಲಿ ಕಾಫಿ ಹರವೋಕೇ ಪುರುಸೊತ್ತಿಲ್ಲ" ಅಂದರು ಮಾವ. ನಂಬಿದೆ. ಆದರೆ ನಂಬಿಕೆಯಿಂದ ದೂರು ಗೆಲ್ಲುವುದಿಲ್ಲ, ಅಲ್ವಾ? ಇದು ಹೇಗೆ ಶುರುವಾಯಿತು ಅಂತ ನೋಡಬೇಕು.

ಇಂಥ ಸೇವೆಗಳು ಅಂಟಿಕೊಳ್ಳುವುದಕ್ಕೆ ಒಂದು ಹಳೇ ದಾರಿ ಇದೆ. ಫೋನ್ ಮೊಬೈಲ್ ಡೇಟಾದಲ್ಲಿ ಇದ್ದಾಗ, ತೆರೆದ ಪುಟ ಯಾವ ನಂಬರಿನದು ಅಂತ ಕಂಪನಿಯ ಜಾಲಕ್ಕೆ ಗೊತ್ತಿರುತ್ತದೆ. ಹಾಗಾಗಿ ಕಾರ್ಡ್ ನಂಬರ್ ಇಲ್ಲದೆ, ಪಾಸ್‌ವರ್ಡ್ ಇಲ್ಲದೆ, ಬರೀ ಬಟನ್ ಒತ್ತಿಸಿಕೊಂಡು ಬಿಲ್ಲಿಗೆ ದುಡ್ಡು ಸೇರಿಸಬಹುದು. ವೈಫೈನಲ್ಲಿ ಇದ್ದರೆ ಈ ದಾರಿ ನಡೆಯುವುದಿಲ್ಲ, ಯಾಕೆಂದರೆ ಆಗ ನಂಬರ್ ಜಾಲಕ್ಕೆ ಕಾಣುವುದಿಲ್ಲ. ಅಲ್ಲಿ ನಂಬರನ್ನು ನೀವೇ ಟೈಪ್ ಮಾಡಬೇಕು.

ಇದನ್ನು ಬಿಲ್ಲಿನಲ್ಲೇ ತಾಳೆ ನೋಡಬಹುದು. ಸೇವೆಯ ಮೊದಲ ಸಾಲು ನವೆಂಬರ್ 12, ಬೆಳಿಗ್ಗೆ 11:46. ಅದೇ ನಂಬರಿನ ಡೇಟಾ ಸಾಲುಗಳಲ್ಲಿ ಅದೇ ಹೊತ್ತು ಹುಡುಕಿದೆ. 11:31ಕ್ಕೆ ಶುರುವಾದ ಡೇಟಾ ಸಾಲು ಇತ್ತು. ಅಂದರೆ ಫೋನ್ ವೈಫೈನಲ್ಲಿ ಇರಲಿಲ್ಲ. ಮಾವ ನೆನಪಿಸಿಕೊಂಡರು. ಅವತ್ತು ಪೇಟೆಯಲ್ಲಿ ಟ್ರ್ಯಾಕ್ಟರ್ ರಿಪೇರಿಗೆ ಕಾಯುತ್ತಾ ಕ್ರಿಕೆಟ್ ಸ್ಕೋರ್ ನೋಡುತ್ತಿದ್ದರಂತೆ. ಪುಟದ ತುಂಬ ಜಾಹೀರಾತು, ಮುಚ್ಚಲು ಹೋದಾಗ ಎಲ್ಲೋ ಬೆರಳು ತಾಗಿರಬೇಕು.

ಮೊದಲ ಕೆಲಸ ನಿಲ್ಲಿಸುವುದು, ದೂರು ಆಮೇಲೆ. ಎಲ್ಲ ಕಂಪನಿಗಳಿಗೂ ಸೇರಿ ಒಂದೇ ಉಚಿತ ನಂಬರ್ ಇದೆ, 155223. ಯಾವ ಸಿಮ್ಮಿನ ತಕರಾರೋ ಅದೇ ಸಿಮ್ಮಿನಿಂದ ಕರೆ ಮಾಡಬೇಕು, ಇಲ್ಲವೇ ಮೆಸೇಜ್ ಕಳಿಸಬೇಕು:

```
STOP
```

ಚಾಲೂ ಇರುವ ಸೇವೆಗಳ ಪಟ್ಟಿ ಬರುತ್ತದೆ, ಬೇಡವಾದದ್ದನ್ನು ನಿಲ್ಲಿಸಬಹುದು. ನಿಂತಿತು ಅನ್ನುವ ಮೆಸೇಜನ್ನು ಅಳಿಸಬೇಡಿ. ಮಾವನ ಪಟ್ಟಿಯಲ್ಲಿ ಎರಡು ಹೆಸರಿದ್ದವು. ಒಂದು ಈ ಗೇಮ್, ಇನ್ನೊಂದು ಅವರೇ ಬೇಕೆಂದು ಹಾಕಿಸಿಕೊಂಡಿದ್ದ ಉಚಿತ ಕಾಲರ್ ಟ್ಯೂನ್. ಅದನ್ನು ಉಳಿಸಿದೆವು.

ಇನ್ನು ದೂರು. 198ಕ್ಕೆ ಕರೆ ಮಾಡಿ ಸುಮ್ನೆ "ನಾನು ಹಾಕಿಸಿಕೊಂಡಿಲ್ಲ, ದುಡ್ಡು ವಾಪಸ್ ಕೊಡಿ" ಅಂದರೆ, ಆ ಕಡೆಯವರು "ನಿಮ್ಮ ಫೋನಿನಿಂದಲೇ ಆಗಿದೆ ಸರ್" ಅನ್ನುತ್ತಾರೆ. ಮಾತು ಅಲ್ಲಿಗೇ ಮುಗಿಯುತ್ತದೆ. ಟೆಲಿಕಾಂ ಕಂಪನಿಗಳಿಗೆ ನಿಯಮ ಹಾಕುವ ಸಂಸ್ಥೆ ಟ್ರಾಯ್ 2013ರ ಜುಲೈನಲ್ಲಿ ಒಂದು ನಿರ್ದೇಶನ ಹೊರಡಿಸಿತು. ಮೌಲ್ಯವರ್ಧಿತ ಸೇವೆ ಶುರು ಮಾಡುವ ಮುಂಚೆ ಗ್ರಾಹಕರಿಂದ ಎರಡು ಸಲ ಒಪ್ಪಿಗೆ ತೆಗೆದುಕೊಳ್ಳಲೇಬೇಕು ಅಂತ. ಹಾಗಾಗಿ ಕೇಳಬೇಕಾದ ಪ್ರಶ್ನೆ ಇದು: ಸೇವೆ ಶುರುವಾದ ದಿನ, ಹೊತ್ತು ಯಾವುದು, ಯಾವ ದಾರಿಯಿಂದ ಶುರುವಾಯಿತು, ಎರಡನೇ ಒಪ್ಪಿಗೆ ಯಾವಾಗ, ಹೇಗೆ ಬಂತು, ಅದರ ದಾಖಲೆ ಕೊಡಿ. ನಾವು ಇದನ್ನೇ ಕೇಳಿದೆವು. ದೂರಿನ ನಂಬರನ್ನು ಮಾವ ಕ್ಯಾಲೆಂಡರಿನ ಹಿಂದೆ ಬರೆದುಕೊಂಡರು. ಐದು ದಿನ ಬಿಟ್ಟು ಕಂಪನಿಯವರು ಫೋನ್ ಮಾಡಿ, ದಾಖಲೆಯ ಮಾತೇ ಎತ್ತದೆ, "ವಿಶೇಷ ಪ್ರಕರಣ ಅಂತ 140 ರೂಪಾಯಿ ವಾಪಸ್ ಮಾಡುತ್ತಿದ್ದೇವೆ" ಅಂದರು.

ಇಲ್ಲೊಂದು ಗೊಂದಲ ಆಗುತ್ತದೆ. ಫೋನಿನ ಆ್ಯಪ್ ಅಂಗಡಿಯಲ್ಲಿ ಏನಾದರೂ ಕೊಂಡು, ದುಡ್ಡನ್ನು ಮೊಬೈಲ್ ಬಿಲ್ಲಿಗೆ ಸೇರಿಸುವ ವ್ಯವಸ್ಥೆಯೂ ಇದೆ. ಮಕ್ಕಳು ಗೇಮಿನಲ್ಲಿ ನಾಣ್ಯ ಕೊಳ್ಳುವುದು ಈ ದಾರಿಯಲ್ಲಿ. ಅದು ಬಿಲ್ಲಿನಲ್ಲಿ ನೋಡಲು ಹೀಗೇ ಕಾಣಬಹುದು. ಆದರೆ ಮೊತ್ತಗಳು ಬೇರೆ ಬೇರೆ ಇರುತ್ತವೆ, ಅಂತರಕ್ಕೂ ಲೆಕ್ಕ ಇರುವುದಿಲ್ಲ, ಭಾನುವಾರ ಜಾಸ್ತಿ! ಅದಕ್ಕೆ 155223 ಮದ್ದಲ್ಲ. ಆ್ಯಪ್ ಅಂಗಡಿಯ ಖಾತೆಯಲ್ಲಿ ಖರೀದಿಯ ಇತಿಹಾಸ ನೋಡಿ, ಅಲ್ಲಿಯೇ ವಾಪಸ್ ಕೇಳಬೇಕು. ಪಾವತಿಯ ದಾರಿಗಳಲ್ಲಿ ಮೊಬೈಲ್ ಬಿಲ್ ಅನ್ನುವುದನ್ನು ತೆಗೆದು ಹಾಕಬೇಕು.

ನವೆಂಬರ್ 29ರಿಂದ ಬಿಡದೆ ಬಿದ್ದ ದುಡ್ಡು

ಎರಡನೇ ಸೋರಿಕೆ ಅತ್ತೆಯ ನಂಬರಿನಲ್ಲಿತ್ತು. ಇದನ್ನು ಮಾವ ನೋಡಿಯೇ ಇರಲಿಲ್ಲ. ಅತ್ತೆ ಫೋನ್ ಅಷ್ಟಾಗಿ ಬಳಸುವುದಿಲ್ಲ ಅನ್ನುವುದು ಅವರ ನಂಬಿಕೆ.

ಆ ನಂಬರಿಗೆ ತಿಂಗಳಿಗೆ 30 ಜಿಬಿ. ಅದು ಮುಗಿದ ಮೇಲೆ ಒಂದು ಎಂಬಿಗೆ 2 ಪೈಸೆ. ಕೇಳಲು ಏನೂ ಅಲ್ಲ ಅನ್ನಿಸುತ್ತದೆ. ಒಂದು ಜಿಬಿ ಅಂದರೆ 1024 ಎಂಬಿ, ಅಂದರೆ 20 ರೂಪಾಯಿ 48 ಪೈಸೆ. ಬಿಲ್ಲಿನಲ್ಲಿ ಮಿತಿ ಮೀರಿದ ಬಳಕೆ 20480 ಎಂಬಿ ಅಂತ ಇತ್ತು. ಭಾಗಿಸಿದರೆ ಸರಿಯಾಗಿ 20 ಜಿಬಿ:

```
20480 x 0.02 = 409.60
```

ಹೀಗೆ ಲೆಕ್ಕ ಮಾಡಿ ನೋಡುವುದು ಒಳ್ಳೆಯದು. ನಿಮ್ಮ ಪ್ಲಾನಿನ ರೇಟಿಗೆ ಗುಣಿಸಿದರೆ ಬಿಲ್ಲಿನ ಮೊತ್ತ ಬರಲೇಬೇಕು. ಬರದಿದ್ದರೆ ನಿಮ್ಮನ್ನು ಬೇರೆ ಪ್ಲಾನಿನಲ್ಲಿ ಇಟ್ಟಿದ್ದಾರೆ ಅಂತ ಅರ್ಥ. ಆಗ ತಪ್ಪು ಬಳಕೆಯಲ್ಲಿ ಇಲ್ಲ, ರೇಟಿನಲ್ಲಿ ಇದೆ.

ಡೇಟಾ ಸಾಲುಗಳಲ್ಲಿ ನವೆಂಬರ್ 28ರವರೆಗೆ ಮೊತ್ತ ಸೊನ್ನೆ. 29ರಿಂದ ಡಿಸೆಂಬರ್ 7ರವರೆಗೆ ಒಂದು ದಿನವೂ ಬಿಡದೆ ದುಡ್ಡು. ಆದರೆ ಕಾಯಿಲೆ ಶುರುವಾದದ್ದು 29ರಂದು ಅಲ್ಲ. 29 ಅಂದರೆ ಕೊಡ ತುಂಬಿ ಚೆಲ್ಲಿದ ದಿನ. ನಲ್ಲಿ ತೆರೆದದ್ದು ಯಾವಾಗ ಅಂತ ನೋಡಬೇಕಾದರೆ ಸೊನ್ನೆ ಇರುವ ಸಾಲುಗಳನ್ನೇ ನೋಡಬೇಕು. ಎಲ್ಲ ಸಾಲು ಬಿಟ್ಟು ದುಡ್ಡಿನ ಸಾಲು ಮಾತ್ರ ನೋಡಿ ಅಂತ ಮೇಲೆ ಹೇಳಿದೆ, ಇದೊಂದಕ್ಕೆ ಮಾತ್ರ ಆ ಮಾತು ಹೊಂದುವುದಿಲ್ಲ. ದಿನದ ಬಳಕೆಯನ್ನು ಪಕ್ಕದಲ್ಲಿ ಕೂಡಿ ಬರೆದೆ. 8ರಿಂದ 21ರವರೆಗೆ ದಿನಕ್ಕೆ ಹೆಚ್ಚುಕಮ್ಮಿ ಒಂದು ಜಿಬಿ. 22ರಿಂದ ದಿಢೀರನೆ ಎರಡು ಜಿಬಿಗಿಂತ ಮೇಲೆ.

"22ರಂದು ಮನೇಲಿ ಏನಾಯ್ತು ಮಾವ?"

ಅವರು ಯೋಚಿಸಿದರು. ಮನೆಗೆ ಫೋನ್ ಮಾಡಿ ಅತ್ತೆಯನ್ನು ಕೇಳಿದರು. ಮಳೆ ಗಾಳಿಗೆ ದಾರಿಯ ಮೇಲೆ ಮರ ಬಿದ್ದು ಬ್ರಾಡ್‌ಬ್ಯಾಂಡ್ ಕೇಬಲ್ ಹರಿದಿತ್ತಂತೆ. ಕೆಲಸದವರು ಬಂದು ಸರಿ ಮಾಡಲು ಎರಡು ವಾರದ ಮೇಲಾಯಿತು. ಅಷ್ಟು ದಿನ ಟಿವಿಯಲ್ಲಿ ಸೀರಿಯಲ್ ನೋಡಲು ಅತ್ತೆ ತಮ್ಮ ಫೋನಿನ ಹಾಟ್‌ಸ್ಪಾಟ್ ಹಾಕುತ್ತಿದ್ದರು. ತೋಟದ ರೈಟರ ಮಗ ಹೇಳಿಕೊಟ್ಟಿದ್ದಂತೆ.

ದೊಡ್ಡ ಟಿವಿಯಲ್ಲಿ ಎಚ್‌ಡಿ ವೀಡಿಯೊ ನೋಡಿದರೆ ಗಂಟೆಗೆ 2ರಿಂದ 3 ಜಿಬಿ ಹೋಗಬಹುದು. ಮೊಬೈಲಿನ ಸಣ್ಣ ಪರದೆಯಲ್ಲಿ ಸಾಧಾರಣ ಗುಣಮಟ್ಟದಲ್ಲಿ ನೋಡಿದರೆ ಅದೇ ಧಾರಾವಾಹಿಗೆ ಗಂಟೆಗೆ ಒಂದು ಜಿಬಿಯೂ ಬೇಡ. ಪರದೆ ದೊಡ್ಡದಾದ ಹಾಗೆ ಆ್ಯಪ್ ತಾನಾಗಿಯೇ ಗುಣಮಟ್ಟ ಏರಿಸುತ್ತದೆ. ಅತ್ತೆ ಜಾಸ್ತಿ ಹೊತ್ತು ನೋಡಲಿಲ್ಲ. ನೋಡಿದ ಪರದೆ ದೊಡ್ಡದಾಯಿತು, ಅಷ್ಟೇ.

ಇದನ್ನು ಫೋನಿನಲ್ಲೂ ಖಚಿತ ಮಾಡಿಕೊಳ್ಳಬಹುದು. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಡೇಟಾ ಬಳಕೆ ತೆರೆದರೆ ಯಾವ ಆ್ಯಪ್ ಎಷ್ಟು ತಿಂದಿದೆ ಅಂತ ಕಾಣುತ್ತದೆ. ಮೊದಲು ಅಲ್ಲಿನ ಬಿಲ್ಲಿಂಗ್ ಚಕ್ರವನ್ನು ನಿಮ್ಮ ಬಿಲ್ ಶುರುವಾಗುವ ದಿನಕ್ಕೆ ಹೊಂದಿಸಿ. ಅದು ಸಾಮಾನ್ಯವಾಗಿ ಒಂದನೇ ತಾರೀಖಿಗೆ ಇರುತ್ತದೆ, ಹಾಗೇ ನೋಡಿದರೆ ಬಿಲ್ಲಿನ ಲೆಕ್ಕಕ್ಕೆ ಎಂದೂ ತಾಳೆ ಆಗುವುದಿಲ್ಲ. ಮರುದಿನ ಮಾವ ಅತ್ತೆಯ ಫೋನಿನ ಫೋಟೋ ಕಳಿಸಿದರು. ಎಲ್ಲಕ್ಕಿಂತ ಮೇಲೆ ಇದ್ದ ಹೆಸರು ಹಾಟ್‌ಸ್ಪಾಟ್. ಫೋನಿನ ಲೆಕ್ಕಕ್ಕೂ ಬಿಲ್ಲಿಗೂ ಸ್ವಲ್ಪ ಹೆಚ್ಚುಕಮ್ಮಿ ಇರುವುದು ಸಹಜ. 50 ಜಿಬಿಯಲ್ಲಿ ಒಂದೆರಡು ಜಿಬಿ ವ್ಯತ್ಯಾಸಕ್ಕೆ ಜಗಳ ಬೇಡ. ಬಿಲ್ 50 ಅಂದು ಫೋನ್ 30 ಅಂದರೆ ಆಗ ದೂರು ಕೊಡಿ.

ಇನ್ನೊಂದು ಮಾತು. "ರಾತ್ರಿ ಎರಡು ಗಂಟೆಗೆ 600 ಎಂಬಿ ಅಂತ ಹಾಕಿದ್ದಾರೆ, ನಾನು ಮಲಗಿದ್ದೆ" ಅಂತ ತುಂಬ ಜನ ವಾದ ಮಾಡುತ್ತಾರೆ. ಆ ವಾದ ನಿಲ್ಲುವುದಿಲ್ಲ. ಡೇಟಾ ಅನ್ನುವುದು ಕರೆಯ ಹಾಗೆ ಎತ್ತಿ ಇಡುವ ವಸ್ತುವಲ್ಲ. ಫೋನ್ ಜಾಲಕ್ಕೆ ಅಂಟಿಕೊಂಡೇ ಇರುತ್ತದೆ. ಕಂಪನಿಯ ಯಂತ್ರ ಅದನ್ನು ಇಷ್ಟು ಹೊತ್ತು, ಇಲ್ಲವೇ ಇಷ್ಟು ಬಳಕೆ ಅಂತ ತುಂಡು ಮಾಡಿ ಬರೆದುಕೊಳ್ಳುತ್ತದೆ. ಸಾಲಿನಲ್ಲಿರುವ ಹೊತ್ತು ಆ ತುಂಡಿನ ಹೊತ್ತು, ನೀವು ವೀಡಿಯೊ ಒತ್ತಿದ ಹೊತ್ತಲ್ಲ. ಫೋಟೋಗಳ ಬ್ಯಾಕಪ್, ಆ್ಯಪ್ ಅಪ್‌ಡೇಟ್ ಕೂಡ ಮಲಗಿದ ಮೇಲೇ ನಡೆಯುತ್ತವೆ.

ಡೇಟಾ ಮಿತಿಯ ಶೇಕಡಾ 50, 90 ಮತ್ತು 100 ಮುಟ್ಟಿದಾಗ ಕಂಪನಿ ಮೆಸೇಜ್ ಕಳಿಸಬೇಕು ಅಂತ ಟ್ರಾಯ್ ನಿಯಮ ಇದೆ. ದೂರು ಕೊಡುವ ಮುಂಚೆ ಅದನ್ನು ಹುಡುಕಿ. ಅತ್ತೆಯ ಫೋನಿನಲ್ಲಿ ಮೂರೂ ಬಂದಿದ್ದವು, ಸೀರೆ ಅಂಗಡಿಯ ಮತ್ತು ಸಾಲದ ಜಾಹೀರಾತುಗಳ ನಡುವೆ ಓದದೇ ಬಿದ್ದಿದ್ದವು. ಹಾಗಾಗಿ ಈ 409.60ರಲ್ಲಿ ಕೇಳುವಂಥದ್ದು ಏನೂ ಇರಲಿಲ್ಲ. ಡೇಟಾ ಪೂರ್ತಿ ನಿಲ್ಲಿಸಬೇಕಾದರೆ 1925ಕ್ಕೆ STOP ಅಂತ ಮೆಸೇಜ್ ಕಳಿಸಬಹುದು, ಮತ್ತೆ ಬೇಕಾದಾಗ START.

ದುಬೈಯ ಕೊನೇ ಒಂದು ಗಂಟೆ

ಈಗ ಮಾವ ಬಂದದ್ದೇ ಯಾವುದಕ್ಕೋ ಅದು. ಅಂತಾರಾಷ್ಟ್ರೀಯ ರೋಮಿಂಗ್, 325 ರೂಪಾಯಿ, ಮೂರು ಸಾಲು.

ದೇಶದ ಒಳಗಿನ ರೋಮಿಂಗ್ ಬಗ್ಗೆ ಒಂದೇ ಮಾತು ಹೇಳಿ ಮುಂದೆ ಹೋಗುತ್ತೇನೆ. ಈಗಿನ ಬಹುತೇಕ ಪೋಸ್ಟ್‌ಪೇಯ್ಡ್ ಪ್ಲಾನುಗಳಲ್ಲಿ ಅದಕ್ಕೆ ದುಡ್ಡಿಲ್ಲ. ಧರ್ಮಸ್ಥಳ, ಮಂಗಳೂರಿಗೆ ಹೋದರೆ ಅದು ರೋಮಿಂಗೇ ಅಲ್ಲ, ಕರ್ನಾಟಕ ಪೂರ್ತಿ ಒಂದೇ ಸರ್ಕಲ್. ವಯನಾಡಿಗೆ ಹೋಗಿ ಬಂದವರ ಬಿಲ್ಲಿನಲ್ಲಿ ರೋಮಿಂಗ್ ಅಂತ ಸಾಲು ಇರಬಹುದು, ಎದುರಿಗೆ 0.00 ಇರುತ್ತದೆ. ಅದು ಸರಿಯೇ. ಹಳೇ ಪ್ಲಾನಿನವರಿಗೆ ದುಡ್ಡು ಬಿದ್ದಿದ್ದರೆ 2015ರ ಮೇ 1ರಿಂದ ಟ್ರಾಯ್ ಇಟ್ಟ ಗರಿಷ್ಠ ಮಿತಿಗೆ ಹೋಲಿಸಿ: ಒಳಬರುವ ಕರೆಗೆ ನಿಮಿಷಕ್ಕೆ 45 ಪೈಸೆ, ಹೊರಹೋಗುವ ಸ್ಥಳೀಯ ಕರೆಗೆ 80 ಪೈಸೆ, ಎಸ್‌ಟಿಡಿಗೆ 1.15 ರೂಪಾಯಿ.

ಮಾವ ಮಗಳ ಮನೆಗೆ ಅಂತ ದುಬೈಗೆ ಹೋಗಿದ್ದು ಅಕ್ಟೋಬರ್ 30ಕ್ಕೆ. ಹತ್ತು ದಿನದ ಪ್ಯಾಕ್. ಅದರ ದುಡ್ಡು ಹಿಂದಿನ ಬಿಲ್ಲಿನಲ್ಲೇ ಬಂದು ಹೋಗಿತ್ತು, ಅದನ್ನು ಕಟ್ಟಿದ್ದರು. 30ರಿಂದ ಎಣಿಸಿದರೆ ನವೆಂಬರ್ 8 ಹತ್ತನೇ ದಿನ. ವಾಪಸ್ ವಿಮಾನ ಹತ್ತಲು ಏರ್‌ಪೋರ್ಟಿಗೆ ಬಂದದ್ದೂ 8ರ ರಾತ್ರಿ. ಬಿಲ್ಲಿನ ಮೂರು ಸಾಲೂ ನವೆಂಬರ್ 8ರದ್ದೇ:

22:50, ಒಳಬರುವ ಕರೆ, 3 ನಿಮಿಷ: 195.00
23:05, ಒಳಬರುವ ಕರೆ, 1 ನಿಮಿಷ: 65.00
23:05, ಭಾರತಕ್ಕೆ ಕರೆ, 1 ನಿಮಿಷ: 65.00

"ನೋಡು, 8ನೇ ತಾರೀಖು! ಪ್ಯಾಕ್ ಇತ್ತಲ್ಲ!" ಅಂತ ಮಾವ ಬೆರಳಿಟ್ಟು ತೋರಿಸಿದರು. ನನಗೂ ಮೊದಲು ಕಂಪನಿಯದ್ದೇ ತಪ್ಪು ಅನ್ನಿಸಿತು.

ತಪ್ಪಿದ್ದು ಗಡಿಯಾರದಲ್ಲಿ. ಬಿಲ್ಲಿನ ರೋಮಿಂಗ್ ಸಾಲುಗಳಲ್ಲಿ ಇದ್ದದ್ದು ದುಬೈ ಹೊತ್ತು. ಅಲ್ಲಿನ ಜಾಲ ತನ್ನ ಗಡಿಯಾರದಲ್ಲಿ ಬರೆದುಕೊಂಡು ಇಲ್ಲಿಗೆ ಕಳಿಸುತ್ತದೆ. ಪ್ಯಾಕಿನ ಅವಧಿಯನ್ನು ಮಾತ್ರ ಭಾರತದ ಹೊತ್ತಿನಲ್ಲಿ ಎಣಿಸಲಾಗುತ್ತದೆ ಅಂತ ಆ ಪ್ಯಾಕಿನ ಷರತ್ತಿನಲ್ಲಿ ಇತ್ತು. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ಇಲ್ಲಿ 8ರ ರಾತ್ರಿ 12 ಹೊಡೆದಾಗ ಅಲ್ಲಿ ಇನ್ನೂ ಹತ್ತೂವರೆ. ಆಗಲೇ ಪ್ಯಾಕ್ ಸತ್ತಿತ್ತು. 22:50ರ ಕರೆ ನಮ್ಮ ಲೆಕ್ಕದಲ್ಲಿ 9ನೇ ತಾರೀಖು 12:20. ಮನೆಯಿಂದ ಅತ್ತೆ ಮಾಡಿದ ಕರೆ, ವಿಮಾನ ಹೊತ್ತಿಗೆ ಸರಿಯಾಗಿ ಇದೆಯಾ ಅಂತ ಕೇಳಲು. ಮಾತಾಡಿದ್ದು ಎರಡು ನಿಮಿಷ ಚಿಲ್ಲರೆ. ಲೆಕ್ಕ ಮೂರಕ್ಕೆ ಏರಿತು, ನಿಮಿಷಕ್ಕೆ 65ರ ಹಾಗೆ 195.

ಎಲ್ಲ ಪ್ಯಾಕೂ ಹೀಗೇ ಇರುವುದಿಲ್ಲ. ಕೆಲವು ದಿನಾಂಕದ ಲೆಕ್ಕ, ಕೆಲವು ಮೊದಲು ಬಳಸಿದ ಕ್ಷಣದಿಂದ 24 ಗಂಟೆಯ ಲೆಕ್ಕ. ಹಾಗಾಗಿ ರೋಮಿಂಗ್ ಸಾಲು ನೋಡುವಾಗ ಮೊದಲು ಎರಡು ವಿಷಯ ಖಚಿತ ಮಾಡಿಕೊಳ್ಳಿ. ಸಾಲಿನ ಹೊತ್ತು ಯಾವ ದೇಶದ್ದು, ಪ್ಯಾಕಿನ ಹೊತ್ತು ಯಾವ ದೇಶದ್ದು. ಸಾಲಿನ ಹೊತ್ತು ಯಾವುದು ಅಂತ ತಿಳಿಯಲು ಸುಲಭದ ದಾರಿ ಇದೆ. ನಿಮಗೆ ಕರೆ ಮಾಡಿದವರ ಫೋನಿನ ಕಾಲ್ ಪಟ್ಟಿ ನೋಡಿ. ಅತ್ತೆ ಅವತ್ತು ಮೊಬೈಲಿನಿಂದ ಮಾಡಿದ್ದರು. ಅವರ ಫೋನಿನಲ್ಲಿ 12:20 ಅಂತ ಇತ್ತು. ಅಲ್ಲಿಗೆ ಸಂಶಯ ಹರಿಯಿತು.

ಉಳಿದ ಎರಡು ಸಾಲು ನನಗೆ ಇಡೀ ಬಿಲ್ಲಿನಲ್ಲಿ ಹೆಚ್ಚು ಇಷ್ಟವಾದದ್ದು. 23:05ಕ್ಕೆ ಮಾವನ ಫೋನ್ ಸೆಕ್ಯೂರಿಟಿ ತಪಾಸಣೆಯ ಟ್ರೇನಲ್ಲಿತ್ತು. ಅವರು ಕರೆ ಎತ್ತಿಯೇ ಇಲ್ಲ. ಆದರೂ ಒಂದೇ ಹೊತ್ತಿಗೆ ಒಳಬಂದ ಕರೆಗೆ 65, ಹೊರಹೋದ ಕರೆಗೆ 65.

ಹೀಗೆ ಜೋಡಿ ಸಾಲು, ಒಂದೇ ಹೊತ್ತು, ಒಂದು ಒಳಕ್ಕೆ ಒಂದು ಹೊರಕ್ಕೆ ಕಂಡರೆ ಅದು ಕಾಲ್ ಫಾರ್ವರ್ಡ್. ಮಾವನ ತೋಟದಲ್ಲಿ ಇಳಿಜಾರಿಗೆ ಹೋದರೆ ಸಿಗ್ನಲ್ ಇರುವುದಿಲ್ಲ. ಅದಕ್ಕೆ ವರ್ಷಗಳ ಹಿಂದೆಯೇ, ಫೋನ್ ಎತ್ತದಿದ್ದರೆ ಅಥವಾ ಸಿಗದಿದ್ದರೆ ಕರೆ ಮನೆಯ ಲ್ಯಾಂಡ್‌ಲೈನಿಗೆ ಹೋಗುವ ಹಾಗೆ ಮಾಡಿಸಿಕೊಂಡಿದ್ದರು. ಮಲೆನಾಡಿನಲ್ಲಿ ಹಾಗೆ ಮಾಡಿಕೊಂಡವರು ಬಹಳ ಜನ. ಊರಿನಲ್ಲಿದ್ದಾಗ ಇದರಿಂದ ತೊಂದರೆ ಇಲ್ಲ. ಹೊರದೇಶದಲ್ಲಿ ಇದ್ದಾಗ ಏನಾಗುತ್ತದೆ ನೋಡಿ. ಬೆಂಗಳೂರಿನ ಟ್ಯಾಕ್ಸಿ ಡ್ರೈವರ್ ಮಾಡಿದ ಕರೆ ಮೊದಲು ದುಬೈಗೆ ಹೋಯಿತು. ಅಲ್ಲಿ ಫೋನ್ ರಿಂಗ್ ಆಗಿ ಯಾರೂ ಎತ್ತಲಿಲ್ಲ. ದುಬೈ ಜಾಲ ಆ ಕರೆಯನ್ನು ಮೂಡಿಗೆರೆಯ ಲ್ಯಾಂಡ್‌ಲೈನಿಗೆ ತಿರುಗಿಸಿತು. ಅತ್ತೆ ಎತ್ತಿ ಡ್ರೈವರ್ ಜೊತೆ ಮಾತಾಡಿದರು. ಬೆಂಗಳೂರಿನಿಂದ ಮೂಡಿಗೆರೆಗೆ ಬರಬೇಕಾದ ಮಾತು ದುಬೈ ಸುತ್ತಿ ಬಂತು. ಹೋದದ್ದಕ್ಕೂ ಬಂದದ್ದಕ್ಕೂ ಮಾವನೇ ದುಡ್ಡು ಕಟ್ಟಿದರು. ವಾಯ್ಸ್‌ಮೇಲ್ ಇಟ್ಟುಕೊಂಡವರಿಗೂ ಇದೇ ಗತಿ.

ಅನುಮಾನ ಇದ್ದರೆ ಹಿಂದಿನ ಬಿಲ್ ತೆಗೆದು ನೋಡಬಹುದು. ಪ್ಯಾಕ್ ಚಾಲೂ ಇದ್ದ ದಿನಗಳಲ್ಲೂ ಇಂಥ ಜೋಡಿ ಸಾಲು ಆರು ಇದ್ದವು. ಆಗ ದುಡ್ಡು ಬೀಳದೆ ಪ್ಯಾಕಿನ ನಿಮಿಷ ಮಾತ್ರ ಖರ್ಚಾಗಿದ್ದರಿಂದ ಯಾರಿಗೂ ಕಾಣಲಿಲ್ಲ.

ಯಾವ ಫಾರ್ವರ್ಡ್ ಇದೆ ಅಂತ ನೋಡಲು ಫೋನ್ ಡಯಲರಿನಲ್ಲಿ ಇವನ್ನು ಒತ್ತಿ. ಮೊದಲನೆಯದು ಎತ್ತದಿದ್ದಾಗ, ಎರಡನೆಯದು ಸಿಗದಿದ್ದಾಗ, ಮೂರನೆಯದು ಬಿಜಿ ಇದ್ದಾಗ ಕರೆ ಎಲ್ಲಿಗೆ ಹೋಗುತ್ತದೆ ಅಂತ ಹೇಳುತ್ತದೆ:

```
*#61#
*#62#
*#67#
```

ವಿಮಾನ ಹತ್ತುವ ಮುಂಚೆ, ಊರಿನಲ್ಲಿ ಇರುವಾಗಲೇ, ಎಲ್ಲವನ್ನೂ ತೆಗೆಯಲು:

```
##002#
```

ಎಲ್ಲ ಕರೆಯನ್ನೂ ರಿಂಗ್ ಆಗದ ಹಾಗೆ ಮೊದಲಿಗೇ ತಿರುಗಿಸಿ ಇಟ್ಟಿದ್ದರೆ ಈ ಸಮಸ್ಯೆ ಬರುವುದಿಲ್ಲ. ಆಗ ಕರೆ ದೇಶ ಬಿಟ್ಟು ಹೋಗುವುದೇ ಇಲ್ಲ, ಇಲ್ಲಿಯೇ ತಿರುಗುತ್ತದೆ.

ರೋಮಿಂಗ್ ಬಿಲ್ಲಿನ ಇನ್ನೊಂದು ಗುಣ, ತಡವಾಗಿ ಬರುವುದು. ಹೊರದೇಶದ ಜಾಲ ಲೆಕ್ಕ ಕಳಿಸಿದ ಮೇಲೆ ಇಲ್ಲಿ ಸೇರಿಸುತ್ತಾರೆ. ಪ್ರವಾಸ ಮುಗಿಸಿದ ಮೊದಲ ಬಿಲ್ಲಿನಲ್ಲಿ ಏನೂ ಇಲ್ಲ ಅಂತ ನಿರಾಳವಾಗಬೇಡಿ. ಅದರ ಮುಂದಿನದ್ದನ್ನೂ ನೋಡಿ.

ಲೆಕ್ಕ ತಾಳೆ

409.60, 140, 325. ಕೂಡಿದರೆ 874.60. ಹುಡುಕಲು ಹೊರಟದ್ದೂ ಅಷ್ಟೇ. ಅಡಗಿದ್ದು ಬೇರೆ ಏನೂ ಇಲ್ಲ.

ಇದರಲ್ಲಿ ವಾಪಸ್ ಕೇಳುವಂಥದ್ದು 140 ಮಾತ್ರ. ಉಳಿದ ಎರಡೂ ನಿಯಮದ ಪ್ರಕಾರ ಸರಿಯಾಗಿಯೇ ಬಿದ್ದವು. ಮಾವನಿಗೆ ಇದು ಹಿಡಿಸಲಿಲ್ಲ. ರೋಮಿಂಗಿಗೂ ದೂರು ಕೊಡು ಅಂದರು. ನಾನು ಬೇಡ ಅಂದೆ. ಮೂರನ್ನೂ ಒಂದೇ ದೂರಿನಲ್ಲಿ ತುರುಕಿದರೆ ಅವರು ರೋಮಿಂಗಿಗೆ ಉತ್ತರ ಕೊಟ್ಟು, ಗೇಮಿನ ವಿಷಯ ಬಿಟ್ಟು, ದೂರು ಮುಗಿಯಿತು ಅಂತ ಬರೆದುಬಿಡುತ್ತಾರೆ. ತಕರಾರು ಇಲ್ಲದ ಮೊತ್ತವನ್ನು ಕೊನೇ ದಿನಾಂಕದ ಒಳಗೆ ಕಟ್ಟಿಸಿದೆ. ದಂಡ ಬೇರೆ ಸೇರಿದರೆ ಮುಂದಿನ ಬಿಲ್ ಇನ್ನೂ ಗೋಜಲು.

ಕಂಪನಿಯ ಉತ್ತರ ಒಪ್ಪಿಗೆಯಾಗದಿದ್ದರೆ ದೂರಿನ ನಂಬರ್ ಇಟ್ಟುಕೊಂಡು 30 ದಿನದ ಒಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಬಹುದು, ಅದಕ್ಕೆ ಶುಲ್ಕ ಇಲ್ಲ. ಟ್ರಾಯ್‌ಗೆ ನೇರವಾಗಿ ಬರೆದು ಪ್ರಯೋಜನ ಇಲ್ಲ, ಒಬ್ಬೊಬ್ಬರ ದೂರನ್ನು ಅದು ವಿಚಾರಿಸುವುದಿಲ್ಲ. ನಮಗೆ ಅಲ್ಲಿವರೆಗೆ ಹೋಗುವ ಪ್ರಸಂಗ ಬರಲಿಲ್ಲ.

ಜನವರಿ ಬಿಲ್ ಬಂತು. ಮಾವ ವಾಟ್ಸ್‌ಆ್ಯಪಿನಲ್ಲಿ ಕಳಿಸಿ "ಬಂತು ಕಣೋ" ಅಂತ ಬರೆದಿದ್ದರು. ಹೊಂದಾಣಿಕೆ ಅನ್ನುವ ಸಾಲಿನಲ್ಲಿ ಮೈನಸ್ 140.00 ಇತ್ತು. ತೆರಿಗೆ ಆದ ಮೇಲೆ, ಒಟ್ಟಿನಿಂದ ಕಳೆದಿದ್ದರು. ಅಂದರೆ ಆ 140ರ ಮೇಲೆ ಹಾಕಿದ್ದ ಜಿಎಸ್‌ಟಿ 25 ರೂಪಾಯಿ 20 ಪೈಸೆ ಅವರ ಹತ್ತಿರವೇ ಉಳಿದಿತ್ತು. ಹಳೇ ದೂರಿನ ನಂಬರ್ ಹೇಳಿ ಮತ್ತೆ ಕರೆ ಮಾಡಿಸಿದೆ. "ಇಪ್ಪತ್ತೈದು ರೂಪಾಯಿಗೆ ಯಾಕೋ ಇಷ್ಟು ಹಟ" ಅಂತ ಮಾವ ಗೊಣಗಿದರು. ಫೆಬ್ರವರಿ ಬಿಲ್ಲಿನಲ್ಲಿ ಅದೂ ಬಂತು.